ತಮ್ಮನ ಇಂಜಿನ್ನಿಗೆ ನಾನು ತಂದ ಪೆಟ್ರೋಲ್

ರೇಸಿನ ಆ ಬೆಳಿಗ್ಗೆ ಯಾವ ಪೆಟ್ರೋಲ್ ತರಬೇಕೆಂದು ತಮ್ಮ ನನಗೆ ಹೇಳಿದ್ದನೋ ಇಲ್ಲವೋ, ಖಾತ್ರಿಯಿರಲಿಲ್ಲ. ಹೇಳಿರಲಿಲ್ಲ ಎಂದೇ ನನ್ನೊಳಗೆ ವಾದಿಸುತ್ತ ಬಂದೆ.

ವಿನೋಬನಗರದಲ್ಲಿ ಅವನಿಗೆ ಬೈಕ್ ಗ್ಯಾರೇಜ್ ಇತ್ತು. ಮಣ್ಣಿನ ರೇಸಿಗೆಂದು ಹಳೆಯ ಬೈಕಿನ ಹೆಡ್ಡನ್ನು, ಅಂದರೆ ಇಂಜಿನ್ನಿನ ಮೇಲ್ಮುಚ್ಚಳವನ್ನು, ಹರಿಹರದ ಲೇತಿನಲ್ಲಿ ತೇಯಿಸಿ, ಕಂಪ್ರೆಷನ್ ರೇಷಿಯೋ ಏರಿಸಿದ್ದ.

"ಪಿಸ್ಟನ್ ಕೆಳಗಿದ್ದಾಗ ಹನ್ನೆರಡು ಲೋಟದ ಜಾಗ ಅಂದ್ಕೊಣ್ಣ, ಮೇಲೆ ಬಂದ್ರೆ ಒಂದೇ ಲೋಟ. ಮೊದ್ಲು ಬರೀ ಒಂಬತ್ತಿತ್ತು," ಎಂದು ಹಿಗ್ಗಿದ್ದ.

ರೇಸಿನ ದಿನ ಪೆಟ್ರೋಲ್ ತಂದವನು ನಾನು. ಹೆಚ್ಚು ಆಕ್ಟೇನ್ ಇದ್ದ ಮಾತ್ರಕ್ಕೆ ಪೆಟ್ರೋಲಿನಲ್ಲಿ ಹೆಚ್ಚು ಶಕ್ತಿಯಿರುವುದಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ, ಅದು ನಿಜವೇ. ಹಾಗಾಗಿ ಸಾದಾ ಪೆಟ್ರೋಲನ್ನೇ ತಂದೆ. ಅಷ್ಟು ಬಿಗಿಯಾಗಿ ಒತ್ತಿದ ಗಾಳಿ-ಪೆಟ್ರೋಲಿನ ಮಿಶ್ರಣ ವಿಪರೀತ ಕಾದು, ಪ್ಲಗ್ ಹಚ್ಚಿದ ಉರಿ ತಲುಪುವ ಮೊದಲೇ ತಾನಾಗಿ ಸಿಡಿಯಬಹುದು; ಹಾಗೆ ಸಿಡಿಯದಂತೆ ತಾಳಿಕೊಳ್ಳುವ ಗುಣವೇ ಆಕ್ಟೇನ್. ಅದನ್ನೂ ಓದಿದ್ದೆ, ನೆನೆಯಲಿಲ್ಲ.

ಮೂರನೇ ಸುತ್ತಿನಲ್ಲಿ ಇಂಜಿನ್ನಿನಿಂದ ಸುತ್ತಿಗೆ ಬಡಿದಂಥ ಸದ್ದು ಬಂತು. ಆಮೇಲೆ ಬೈಕ್ ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ತೂತಾಗಿತ್ತು.

"ಯಾವ ಪೆಟ್ರೋಲ್ ತಂದಿದ್ದಣ್ಣ?"

"ಪೆಟ್ರೋಲ್ಗೇನ್ ಬಂತೋ? ನೀನು ಮಾಡ್ಸಿದ ಲೇತ್ ಕೆಲಸಾನೇ ಸರಿ ಇಲ್ಲ."

"ಇರ್ಬೋದು ಬಿಡಣ್ಣ," ಎಂದ.

ಅವನು ನನ್ನ ಮಾತನ್ನು ನಂಬಿಬಿಟ್ಟ. ಆಮೇಲೆ ಒಂದೂ ಇಂಜಿನ್ ಬಿಚ್ಚಲಿಲ್ಲ, ಗ್ಯಾರೇಜ್ ಮುಚ್ಚಿದ. ಈಗ ಆಟೋ ಓಡಿಸುತ್ತಾನೆ. ಅದು ಕೆಟ್ಟರೂ ಬೇರೆಯವರ ಹತ್ತಿರ ಒಯ್ಯುತ್ತಾನೆ.

ಮೊನ್ನೆ ನನ್ನ ಹಳೆಯ ಫೋನನ್ನು ಚಾರ್ಜ್ ಮಾಡಿ ನೋಡಿದೆ. ಆ ಬೆಳಿಗ್ಗೆ ಅವನು ಕಳಿಸಿದ ಧ್ವನಿಸಂದೇಶ ಇದೆ, ನಾನು ಕೇಳಿದ ಗುರುತೂ ಇದೆ: "ಅಣ್ಣಾ, ಸಾದಾದು ಬ್ಯಾಡ, ಹೆಚ್ಚು ಆಕ್ಟೇನಿಂದೇ ತಾ. ಇಲ್ಲಾಂದ್ರೆ ಪಿಸ್ಟನ್ ಹೋಗ್ತೈತೆ."