ಗುರುವಾರ ಹನ್ನೊಂದಕ್ಕೆ ‘ಬರ್ತೀನಿ’

ಪುಷ್ಪಾಳಿಗೆ ಕೋಪ ಮೂಗಿನ ತುದಿಯಲ್ಲೇ. ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಅವಳದು ಹೆಂಗಸರ ಸ್ಪಾ, ಎರಡೇ ಹಾಸಿಗೆ. ಫೋನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡ ಹತ್ತು ಜನರಲ್ಲಿ ನಾಲ್ವರು ನಾಪತ್ತೆ. ಕಾಯಿಸಿದ ಎಣ್ಣೆ ಆರಿಹೋಗುತ್ತಿತ್ತು, ಪುಷ್ಪಾ ಮಾತ್ರ ಕಾಯುತ್ತಲೇ ಇರುತ್ತಿದ್ದಳು.

ಕೊನೆಗೆ ಕೆಲಸದ ಮೋನಿಕಾ ಆನ್‌ಲೈನ್ ಬುಕಿಂಗ್ ಹಾಕಿಕೊಟ್ಟಳು. ಹಿಂದಿನ ದಿನ ಬೆಳಗ್ಗೆ ಗಿರಾಕಿಗೆ ನೆನಪಿನ ಮೆಸೇಜ್ ತಾನಾಗಿ ಹೋಗುತ್ತದೆ. ಒಪ್ಪಿಗೆಯ ಉತ್ತರ ಬಂದರೆ ಹೊತ್ತು ಅವರದು. ಸಂಜೆಯೊಳಗೆ ಬಾರದಿದ್ದರೆ ಬೇರೆಯವರದು.

“ಉತ್ತರಕ್ಕೆ ‘ಹೌದು’ ಅಂತ ಇಡ್ಲಾ ಅಕ್ಕ?”

“ಹೌದು ಅಂತ ಎಲ್ಲರೂ ತಲೆ ಆಡಿಸ್ತಾರೆ ಮಾರಾಯ್ತಿ. ‘ಬರ್ತೀನಿ’ ಅಂತಲೇ ಬರೀಲಿ.”

ಗಿರಾಕಿ ಬಂದರೆ ‘ಬಂದರು’, ಬಾರದಿದ್ದರೆ ‘ಬರಲಿಲ್ಲ’ ಎಂದು ಒತ್ತಬೇಕು. ಮೂರು ಸಲ ‘ಬರಲಿಲ್ಲ’ ಆದರೆ ಆ ನಂಬರಿನ ಬುಕಿಂಗೂ ಮೆಸೇಜೂ ಬಂದ್. ಎರಡು ತಿಂಗಳಲ್ಲಿ ನಾಪತ್ತೆಯಾಗುವವರು ಹತ್ತಕ್ಕೆ ಒಬ್ಬರಾದರು.

ಆ ಒಬ್ಬರು ಬಸವರಾಜೇಶ್ವರಿ ಟೀಚರ್ ಆಗಬಹುದೆಂದು ಯಾರೂ ಎಣಿಸಿರಲಿಲ್ಲ. ಭದ್ರಾವತಿಯ ನಿವೃತ್ತ ಶಿಕ್ಷಕಿ. ಪ್ರತಿ ಗುರುವಾರ ಹನ್ನೊಂದರ ಹೊತ್ತು ಅವರಿಗೇ ಕಾಯಂ; ಬಸ್ಸಿನಲ್ಲಿ ಪಾದದ ಮಸಾಜಿಗೆ ಬರುವವರು. ಎರಡು ವಾರ ‘ಬರ್ತೀನಿ’ ಎಂಬ ಉತ್ತರ ಬಂತು, ಅವರು ಬರಲಿಲ್ಲ. ಎರಡನೆಯ ಸಲ, ಯಾರೂ ಮಲಗದ ಹಾಸಿಗೆಯ ಟವೆಲ್ ಮೇಲೆ ಎರಡು ಹಿಮ್ಮಡಿ ಊರಿದಷ್ಟು ತಗ್ಗು ಕಂಡು ಮೋನಿಕಾ ಹೊರಗೆ ಓಡಿಬಂದಳು. ಪುಷ್ಪಾ ಅವಳನ್ನು ಬೈದು, ಟವೆಲ್ ಕೊಡವಿದಳು.

ಮೂರನೇ ಬುಧವಾರವೂ ‘ಬರ್ತೀನಿ’. ಪುಷ್ಪಾ ಸಿಟ್ಟಿನಿಂದಲೇ ಫೋನ್ ಮಾಡಿದಳು.

“ಟೀಚರ್, ಆಗಲ್ಲ ಅಂದ್ರೆ ಆಗಲ್ಲ ಅನ್ನಿ!”

ಎತ್ತಿದವರು ಟೀಚರ ಗಂಡ ಗಣಪಯ್ಯ. “ಅವಳು ತೀರಿಕೊಂಡು ಹದಿನೆಂಟು ದಿನ ಆಯ್ತಮ್ಮ.”

“ಮತ್ತೆ... ಉತ್ತರ?”

“ನಾನೇ. ಆಸ್ಪತ್ರೆಗೆ ಹೊರಟಾಗ ‘ಹೋಗ್ತೀನಿ’ ಅಂದ್ಬಿಟ್ಳು. ಜನ್ಮದಲ್ಲಿ ಹಾಗೆ ಅಂದೋಳಲ್ಲ. ನಿಮ್ಮ ಮೆಸೇಜ್ ಬಂದಾಗಲೆಲ್ಲ, ಅವಳು ಹೇಳ್ಬೇಕಾಗಿದ್ದನ್ನ ನಾನು ಬರೀತೀನಿ. ದಯವಿಟ್ಟು ನಿಲ್ಲಿಸಬೇಡಿ.”

ಮರುದಿನ ಹನ್ನೊಂದಕ್ಕೆ ಕೋಣೆ ಖಾಲಿ. ಮೂರನೇ ‘ಬರಲಿಲ್ಲ’ ಒತ್ತಿದರೆ ಗಣಪಯ್ಯನವರಿಗೆ ಮೆಸೇಜೇ ಹೋಗುವುದಿಲ್ಲ. ಪುಷ್ಪಾಳಿಗೆ ಅಯ್ಯೋ ಅನ್ನಿಸಿತು. ‘ಬಂದರು’ ಎಂದು ಒತ್ತಿದಳು.

ಒತ್ತಿದರೆ ಇನ್ನೊಂದು ಮೆಸೇಜ್ ತಾನಾಗಿ ಹೋಗುತ್ತದೆಂಬುದು ಅವಳಿಗೆ ಮರೆತೇಹೋಗಿತ್ತು: ‘ಇಂದು ನೀವು ಬಂದದ್ದು ಸಂತೋಷ.’

ನಿಮಿಷದಲ್ಲಿ ಟೀಚರ್ ನಂಬರಿನಿಂದ ಫೋನ್. ಗಣಪಯ್ಯನವರು.

“ಅಮ್ಮಾ, ಬಂದಿದ್ಲಾ?”

ಪುಷ್ಪಾ ಕೋಣೆಯೊಳಗೆ ನೋಡಿದಳು. ಬೆಳಗ್ಗೆ ಅವಳೇ ಎಳೆದು ಹಾಸಿದ್ದ ಟವೆಲ್ ಮೇಲೆ ಎರಡು ತಗ್ಗು.

“ಬಂದಿದ್ರು.”

“ಹೊರಡುವಾಗ ಏನಂದ್ಲು?”

ಪುಷ್ಪಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಬರ್ತೀನಿ ಅಂದ್ರು.”