ಬಲಗಡೆ ಉಳಿದುಹೋದ ‘ಬೇಡ’

ಆ ಕೋಷ್ಟಕದ ಬಗ್ಗೆ ನನಗೆ ಸಿಕ್ಕಾಪಟ್ಟೆ ಹೆಮ್ಮೆ ಇತ್ತು. ರಾಮನಗರದಲ್ಲಿ ರೇಷ್ಮೆ ಬೆಳೆಗಾರರ ಒಂದು ಸಣ್ಣ ಸಂಘದ ಕಚೇರಿಯಲ್ಲಿ ನಾನು ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಹುಳು ಸಾಕುವವರು ಯಾವ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ನಮ್ಮ ತಾಂತ್ರಿಕ ಸಲಹೆಗಾರರು ಬರೆದುಕೊಟ್ಟಿದ್ದರು. ಅದನ್ನೆಲ್ಲ ಒಂದೇ ಅಡ್ಡ ಹಾಳೆಯಲ್ಲಿ ಏಳು ಕಾಲಂಗಳಲ್ಲಿ ಕೂರಿಸಿ, ತಲೆಬರಹಕ್ಕೆ ಹಸಿರು ಬಣ್ಣ ಹಚ್ಚಿ, ಪಿಡಿಎಫ್ ಮಾಡಿ ಎಲ್ಲರ ಫೋನಿಗೂ ಕಳಿಸಿದ್ದೆ. ಮದುವೆ ಕಾರ್ಡ್ ಇದ್ದಂಗಿದೆ ಅಂತ ಯಾರೋ ಹೊಗಳಿದ್ದರು. ನಾನು ಅದನ್ನು ನಂಬಿದ್ದೆ.

ಹೊಂಗನೂರಿನ ನಮ್ಮ ದೊಡ್ಡಮ್ಮನಿಗೂ ಕಳಿಸಿದ್ದೆ. ಅವಳಿಗೆ ಐದಾರು ವರ್ಷದಿಂದ ಕಣ್ಣಿನ ನಡುಭಾಗ ಮಸುಕು. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅವರ ಕಿವಿಯ ಓಲೆ ಕಾಣುತ್ತದೆ. ಕನ್ನಡಕದಿಂದ ಸರಿಹೋಗುವ ತೊಂದರೆ ಅಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಹುಳುಮನೆ ಅವಳದೇ. ಹುಳು ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಎಂಬುದನ್ನು ಅಂಗೈ ಆಡಿಸಿಯೇ ಹೇಳುತ್ತಿದ್ದಳು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಫೋನಿನಲ್ಲಿ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿಕೊಂಡಿದ್ದಳೆಂದರೆ, ಒಂದು ಸಲಕ್ಕೆ ಮೂರು ನಾಲ್ಕು ಪದ ಕಂಡರೆ ಹೆಚ್ಚು.

ಅವಳ ಮಗ, ಅಂದರೆ ನಮ್ಮಣ್ಣ, ಆ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. “ಈ ಬೆಳೆ ಏನಾದ್ರೂ ಎಡವಟ್ಟಾದ್ರೆ ಅವ್ವ ಹುಳುಮನೆಗೆ ಕಾಲಿಡಂಗಿಲ್ಲ. ಮನೇಲಿ ಕೂತ್ಕಳ್ಲಿ.” ಅವನದು ಕಾಳಜಿಯೇ. ಆದರೆ ದೊಡ್ಡಮ್ಮನನ್ನು ಹುಳುಮನೆಯಿಂದ ಆಚೆ ಕೂರಿಸಿದರೆ ಅವಳು ಏನಾಗುತ್ತಾಳೋ ಎಂದು ನೆನೆದರೇ ನನಗೆ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಕಚೇರಿಯಲ್ಲಿದ್ದಾಗ ಅವಳ ಫೋನು ಬಂತು.

“ಮಗಾ, ಮೂರನೇ ಜ್ವರಕ್ಕೆ ಕೂತವೆ. ಹೊಸ ಪುಡಿ ಐತಲ್ಲ, ಅದನ್ನ ಈಗ್ಲೇ ಉದುರ್ಸಾದಾ?”

ಹುಳುಗಳ ಹಾಸಿಗೆಗೆ ರೋಗ ತಗಲದಂತೆ ಉದುರಿಸುವ ಆ ಪುಡಿಯನ್ನು ನಮ್ಮ ಸಂಘ ಆ ಸಲವೇ ಮೊದಲು ಕೊಟ್ಟಿತ್ತು. ನಾನು ಬೇರೇನೋ ಕೆಲಸದಲ್ಲಿದ್ದೆ. “ಎಲ್ಲಾ ಅದರಲ್ಲೇ ಬರೆದಿದೆಯಲ್ಲ ದೊಡ್ಡಮ್ಮ, ನೋಡಿಕೊಂಡು ಮಾಡು” ಎಂದು ಸಿಡುಕಿದೆ.

“ನೋಡ್ಕಂಡೇ ಕೇಳ್ತಿರೋದು. ‘ಉದುರಿಸುವುದು’ ಅಂತ ಐತೆ.”

“ಹಂಗಿದ್ರೆ ಹಂಗೇ ಮಾಡು” ಎಂದು ಫೋನಿಟ್ಟೆ.

ಅರ್ಧ ಗಂಟೆಯ ಮೇಲೆ ಕಾಫಿ ಕುಡಿಯುವಾಗ ಅವಳು ಹೇಳಿದ ಆ ‘ಉದುರಿಸುವುದು’ ನೆನಪಾಯಿತು. ಹಾಳೆ ತೆರೆದು ನೋಡಿದೆ. ನಾನು ಟೈಪ್ ಮಾಡಿದ್ದ ಸಾಲು ಹೀಗಿತ್ತು: ‘ಹುಳು ಜ್ವರಕ್ಕೆ ಕೂತಿರುವಾಗ ಈ ಪುಡಿಯನ್ನು ಉದುರಿಸುವುದು ಬೇಡ.’ ಹುಳು ಜ್ವರದಿಂದ ಎದ್ದ ಮೇಲೆ, ಸೊಪ್ಪು ಹಾಕುವ ಅರ್ಧ ಗಂಟೆ ಮೊದಲು ಉದುರಿಸಬೇಕು. ದೊಡ್ಡಮ್ಮನ ಪರದೆಯಲ್ಲಿ ‘ಈ ಪುಡಿಯನ್ನು ಉದುರಿಸುವುದು’ ಎಂಬಲ್ಲಿಗೆ ಅಂಚು ಬಂದಿರಬೇಕು. ಫೋನಿನ ಅಕ್ಷರವನ್ನು ಎಷ್ಟೇ ದೊಡ್ಡದು ಮಾಡಿಟ್ಟರೂ ಪಿಡಿಎಫ್‌ಗೆ ಅದು ಲೆಕ್ಕಕ್ಕಿಲ್ಲ. ಬೆರಳಲ್ಲಿ ಹಿಗ್ಗಿಸಿದರೆ ಇಡೀ ಹಾಳೆಯೇ ಹಿಗ್ಗುತ್ತದೆ, ಸಾಲು ಮುರಿದು ಕೆಳಗೆ ಬರುವುದಿಲ್ಲ. ಕನ್ನಡದಲ್ಲಿ ‘ಬೇಡ’ ಬರುವುದೋ ಕೊನೆಯಲ್ಲಿ. ಅದು ಬಲಗಡೆ ಪರದೆಯಾಚೆ ಉಳಿದುಹೋಗಿತ್ತು.

ಫೋನ್ ಮಾಡಿದೆ, ಎತ್ತಲಿಲ್ಲ. ಅಣ್ಣನಿಗೆ ಮಾಡಲು ಧೈರ್ಯ ಬರಲಿಲ್ಲ. ಹೊಟ್ಟೆನೋವೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಚನ್ನಪಟ್ಟಣದಲ್ಲಿ ಇಳಿದು ಹೊಂಗನೂರಿನ ಬಸ್ಸಿಗೆ ಕಾಯುವಾಗ ಇನ್ನೂ ನಾಲ್ಕು ಸಲ ಮಾಡಿದೆ. ಉತ್ತರವಿಲ್ಲ. ನನ್ನ ಹಸಿರು ತಲೆಬರಹಕ್ಕೆ ಬೆಂಕಿ ಬೀಳಲಿ ಎಂದು ಬಾಯಿಬಿಟ್ಟೇ ಬೈದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಒಂದು ಹೆಜ್ಜೆ ದೂರ ಸರಿದಳು.

ಹೋಗಿ ನೋಡಿದರೆ ದೊಡ್ಡಮ್ಮ ಹುಳುಮನೆಯ ಬಾಗಿಲಲ್ಲಿ ಕೂತಿದ್ದಾಳೆ. ಪುಡಿಯ ಪೊಟ್ಟಣ ಪಕ್ಕದಲ್ಲಿದೆ, ಬಾಯಿ ಬಿಚ್ಚಿಲ್ಲ.

“ಉದುರಿಸಿದೆಯಾ?” ಎಂದೆ, ಏದುಸಿರು ಬಿಡುತ್ತಾ.

“ಇಲ್ಲ ಕಣವ್ವ. ಫೋನಿಟ್ಟ ಮ್ಯಾಕೆ ಒಸಿ ಆ ಕಡೀಕೆ ಎಳ್ದೆ. ಒಂದು ‘ಬೇಡ’ ಸಿಕ್ತು. ಯಾವುದರ ‘ಬೇಡ’ ಅಂತ ಗೊತ್ತಾಗ್ಲಿಲ್ಲ. ಹಿಂದಕ್ಕೆ ಬಂದ್ರೆ ಬ್ಯಾರೆ ಸಾಲಿಗೆ ಬಂದ್ಬುಟ್ಟೆ. ಗೊತ್ತಾಗೋ ಗಂಟ ಸುಮ್ಕಿರಾನ ಅಂತ ಕೂತೆ.”

“ಫೋನ್ ಯಾಕೆ ಎತ್ತಲಿಲ್ಲ?”

“ಹೊಡ್ಕತಿತ್ತು. ಪರದೇನೂ ದೊಡ್ಡದು ಮಾಡಿದ್ನಲ್ಲ, ಎತ್ತೋ ಗುಂಡಿ ಎಲ್ಲೋ ಮೂಲೆಗೋಗಿ ಕೂತಿತ್ತು. ಹುಡುಕೋವಷ್ಟ್ರಲ್ಲಿ ನಿಂತೋಗದು.”

ನನಗೆ ನಗುವೂ ಬಂತು, ಅಳುವೂ ಬಂತು. ಅಲ್ಲೇ ಹೊಸ್ತಿಲ ಮೇಲೆ ಅವಳ ಪಕ್ಕ ಕೂತೆ. ಅಂಥ ನೆಮ್ಮದಿ ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

“ಸಿಡುಕಿಬಿಟ್ಟೆ ದೊಡ್ಡಮ್ಮ, ತಪ್ಪಾಯ್ತು” ಎಂದೆ.

“ಸಿಡುಕ್ದೆ ಇನ್ನೇನ್ ಮಾಡೀಯ, ನಿಮ್ಮವ್ವನ ಮಗಳಲ್ವಾ” ಎಂದು ರೇಗಿಸಿ ಮಜ್ಜಿಗೆ ಕೊಟ್ಟಳು. ಆಮೇಲೆ ಅವಳು ಓದುವುದನ್ನು ಮೊದಲ ಸಲ ಪಕ್ಕದಲ್ಲಿ ಕೂತು ನೋಡಿದೆ. ಎಡದಿಂದ ಬಲಕ್ಕೆ ಎಳೆಯುತ್ತಾಳೆ, ಅಷ್ಟರಲ್ಲಿ ಸಾಲಿನ ಹೆಸರು ಮಾಯ. ಮೇಲಕ್ಕೆ ಹೋದರೆ ಕಾಲಂನ ಹೆಸರು ಸಿಗುತ್ತದೆ, ಇಳಿಯುವಾಗ ಸಾಲು ತಪ್ಪುತ್ತದೆ. ಕೋಷ್ಟಕದ ಒಂದು ಮನೆಯಲ್ಲಿ ‘ಇಪ್ಪತ್ತೈದು’ ಎಂದಿದ್ದರೆ ಅದು ಶಾಖವೋ ಇನ್ನೇನೋ ಎಂದು ತಿಳಿಯಲು ಆರು ಸಲ ಬೆರಳಾಡಿಸಬೇಕು. ನನಗೆ ನೋಡುವುದಕ್ಕೇ ಸುಸ್ತಾಯಿತು. ಅವಳು ಇದನ್ನು ದಿನಾ ಮಾಡುತ್ತಿದ್ದಳು, ಒಂದು ದಿನವೂ ದೂರಿರಲಿಲ್ಲ.

ಹುಳು ಮಾರನೆಯ ಬೆಳಿಗ್ಗೆ ಏಳುತ್ತವೆ ಎಂದಳು. ಮಧ್ಯಾಹ್ನವೇ ಕಚೇರಿಗೆ ವಾಪಸ್ಸಾದೆ. ಹೊಟ್ಟೆನೋವು ಇಷ್ಟು ಬೇಗ ವಾಸಿಯಾದದ್ದಕ್ಕೆ ಎಲ್ಲರಿಗೂ ಆಶ್ಚರ್ಯ.

ಮೊದಲು ಅದೇ ಕೋಷ್ಟಕವನ್ನು ವೆಬ್ ಪುಟವಾಗಿ ಮಾಡಿ ಲಿಂಕ್ ಕಳಿಸಿದೆ. ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತದೆ ಎಂಬ ಧೈರ್ಯ. ಹೊಂದಿಕೊಂಡಿತು ನಿಜ, ಏಳು ಕಾಲಂಗಳೂ ನಜ್ಜುಗುಜ್ಜಾಗಿ. “ಅಕ್ಷರ ಒಂದರ ತಲೆ ಮ್ಯಾಲೊಂದು ಕೂತವೆ ಕಣೇ, ಪದವೇ ಇಲ್ಲ” ಎಂದು ಫೋನ್ ಮಾಡಿ ಹೇಳಿದಳು ದೊಡ್ಡಮ್ಮ. ಆಗ ಕೋಷ್ಟಕವನ್ನೇ ಕಿತ್ತುಹಾಕಿದೆ. ಒಂದೊಂದು ಹಂತಕ್ಕೂ ಒಂದು ತಲೆಬರಹ, ಅದರ ಕೆಳಗೆ ವಿಷಯಗಳು ಒಂದರ ಕೆಳಗೊಂದು: ಶಾಖ ಇಷ್ಟು, ಸೊಪ್ಪು ಇಂಥದ್ದು. ಆದರೆ ನನ್ನ ಕಂಪ್ಯೂಟರಿನಲ್ಲಿ ಅಂದವಾಗಿ ಕಾಣಲೆಂದು ಸಾಲಿನ ಕೊನೆಯಲ್ಲೆಲ್ಲ ಎಂಟರ್ ಒತ್ತಿದ್ದೆ. ಅವಳ ಫೋನಿನಲ್ಲಿ ಅವು ಎಲ್ಲೆಂದರಲ್ಲಿ ತುಂಡಾಗಿ, ಒಂದೇ ಮಾತು ಎರಡು ಬೇರೆ ಬೇರೆ ಸೂಚನೆಗಳಂತೆ ಓದಿಸಿಕೊಂಡವು. ಆ ಎಂಟರ್‌ಗಳನ್ನೂ ಅಳಿಸಿದೆ. ಈಗ ಸಾಲು ಅವಳ ಪರದೆ ಎಲ್ಲಿ ಮುಗಿಯುತ್ತದೋ ಅಲ್ಲೇ ಮಡಚಿಕೊಂಡು ಕೆಳಗಿಳಿಯಿತು. ಪಕ್ಕಕ್ಕೆ ಎಳೆಯುವ ಕೆಲಸವೇ ಇಲ್ಲ, ಬೆರಳು ಮೇಲಿಂದ ಕೆಳಕ್ಕೆ ಹೋದರಾಯಿತು.

“ಇನ್ನೊಂದು ಕೆಲ್ಸ ಮಾಡು. ‘ಬೇಡ’ ಅನ್ನಾದನ್ನ ಮೊದ್ಲು ಬರಿ, ಆಮ್ಯಾಕೆ ಏನು ಬೇಡ ಅಂತ ಬರಿ” ಎಂದಳು. ಬರೆದೆ. ‘ಬೇಡ: ಜ್ವರಕ್ಕೆ ಕೂತಾಗ ಹೊಸ ಪುಡಿ.’ ನಮ್ಮ ಸಲಹೆಗಾರರು ಅದನ್ನು ನೋಡಿ, “ಇದೇನಮ್ಮ, ಖಾಲಿ ಖಾಲಿ, ಉದ್ದಕ್ಕೆ ಜೋತುಬಿದ್ದಂಗಿದೆ” ಎಂದರು. “ಇರಲಿ ಸಾರ್” ಎಂದೆ. ನಾನು ಅಷ್ಟು ಗಟ್ಟಿಯಾಗಿ ಅವರಿಗೆ ಎಂದೂ ಉತ್ತರ ಕೊಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೊರಟಿದ್ದೆ. ದೊಡ್ಡಮ್ಮನ ಫೋನು ಬಂತು. ಮತ್ತೆ ಏನು ತಪ್ಪಾಯಿತೋ ಎಂದುಕೊಂಡೇ ಎತ್ತಿದೆ.

“ಏನಾಯ್ತು ದೊಡ್ಡಮ್ಮ? ಏನು ಕೇಳಬೇಕು?”

“ಏನೂ ಕೇಳಕ್ಕಲ್ಲ ಕಣವ್ವ. ಎದ್ದವೆ. ಪುಡಿ ಉದುರ್ಸಿ ಅರ್ಧ ಗಂಟೆ ಬುಟ್ಟು ಸೊಪ್ಪಾಕ್ದೆ. ನಿಮ್ಮಣ್ಣ ಬಾಗ್ಲಲ್ಲಿ ನಿಂತು ನೋಡ್ತಿದ್ದ. ಯಾರು ಹೇಳ್ಕೊಟ್ರು ಅಂದ. ಯಾರೂ ಇಲ್ಲ, ನಾನೇ ಓದ್ದೆ ಅಂದೆ.”