ಎರಡು ಮೆಟ್ಟಿಲುಗಳ ನಡುವಿನ ಹಿಡಿತ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ, ಕೃತಕ ಕೈಕಾಲು ತಯಾರಿಸುವ ಕಾರ್ಯಾಗಾರವಿತ್ತು. ಅಲ್ಲಿ ಮೋಟಾರಿನ ಕೈಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದ ಎಂಜಿನಿಯರ್ ಹೆಂಗಸನ್ನು ಎಲ್ಲರೂ ಕೈಯಕ್ಕ ಎಂದೇ ಕರೆಯುತ್ತಿದ್ದರು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುವುದು ಅವಳ ನಿತ್ಯದ ಪಾಡು. ಅವಳು ಪ್ರೋಗ್ರಾಮ್ ಬರೆದ ಕೈಗಳಿಂದ ಎಷ್ಟೋ ಜನ ಲೋಟ ಹಿಡಿದಿದ್ದರು, ಛತ್ರಿ ಬಿಚ್ಚಿದ್ದರು, ಮಗುವಿನ ತೊಟ್ಟಿಲು ತೂಗಿದ್ದರು. ಒಬ್ಬರಿಂದಲೂ ದೂರು ಬಂದಿರಲಿಲ್ಲ.

ಅವಳ ಸ್ವಂತ ತಮ್ಮನಿಗೇ ಒಂದು ಕೈ ಬೇಕಾಗಬಹುದೆಂದು ಯಾರು ತಾನೆ ಎಣಿಸಿದ್ದರು?

ತಮ್ಮ ಕೈಗಡಿಯಾರ ರಿಪೇರಿ ಮಾಡುವವನು. ಸರಕು ಲಿಫ್ಟಿನ ಬಾಗಿಲಿಗೆ ಸಿಕ್ಕಿ ಎಡಗೈ ಮಣಿಕಟ್ಟಿನವರೆಗೆ ಹೋಯಿತು. ಬಲಗೈ ಉಳಿದಿದೆಯಲ್ಲ ಎಂದು ಜನ ಸಮಾಧಾನ ಹೇಳಿದರು. ಆದರೆ ಅವನ ಕಸುಬಿನಲ್ಲಿ ಬಲಗೈ ತಿರುಪು ತಿರುಗಿಸಬೇಕಾದರೆ ಎಡಗೈ ಚಿಮುಟದಲ್ಲಿ ಚಕ್ರವನ್ನು ಅಲುಗಾಡದಂತೆ ಹಿಡಿದಿರಬೇಕು. ಹಿಡಿತ ಸಡಿಲವಾದರೆ ಚಕ್ರ ಬೀಳುತ್ತದೆ. ತುಸು ಬಿಗಿಯಾದರೆ ಚಿಗಟದ ಹಾಗೆ ಹಾರಿಹೋಗುತ್ತದೆ. ಅಂಗಡಿಯಲ್ಲಿ ಅವನ ಹೆಂಡತಿ ಕುಳಿತು, ಬಂದ ಗಡಿಯಾರಗಳನ್ನು ತೆಗೆದಿಡುತ್ತಿದ್ದಳು. ಬೇರೊಬ್ಬ ರಿಪೇರಿಯವನು ಆ ಜಾಗ ತನಗೆ ಬಿಟ್ಟುಕೊಡಿ ಎಂದು ಕೇಳುತ್ತಲೇ ಇದ್ದ. "ಸ್ವಲ್ಪ ತಡಿ, ನಮ್ಮಕ್ಕ ಕೈ ಮಾಡ್ತಿದಾಳೆ" ಎಂದು ತಮ್ಮ ಅವನನ್ನು ತಡೆದು ನಿಲ್ಲಿಸಿದ್ದ.

ಮೊದಲ ಸಲ ಕೈ ತೊಡಿಸಿದಾಗ ಕೆಲಸವೇನೋ ಸುಸೂತ್ರವಾಗಿ ನಡೆಯಿತು. ಮೊಳಕೈ ಕೆಳಗಿನ ಸ್ನಾಯು ಬಿಗಿದು ತಮ್ಮ ತನಗೆ ಬೇಕಾದಷ್ಟು ಹಿಡಿತ ಗೊತ್ತುಮಾಡಿದ. ಆ ಹಿಡಿತವನ್ನು ಕಾಯುವುದು ಇನ್ನು ಕೈಯ ಕೆಲಸ. ಚಿಮುಟದ ತುದಿಯಲ್ಲಿ ಚಕ್ರ ನಿಂತಿತು. ನೋಡನೋಡುತ್ತಿದ್ದಂತೆ ಹಿಡಿತ ಮೆಲ್ಲನೆ ಸಡಿಲಿ ಚಕ್ರ ಜಾರಿಬಿತ್ತು.

"ಅಕ್ಕಾ, ನಿನ್ನ ಕೈಗೆ ತೂಕಡಿಕೆ ಕಣೇ."

"ನಿನ್ನ ಹಾಗೇನೇ. ಪಾಠ ಶುರುವಾದ ಕೂಡ್ಲೆ ತೂಕಡಿಸ್ತಿದ್ದೆಯಲ್ಲ" ಎಂದಳು ಕೈಯಕ್ಕ. ಆದರೆ ಅವಳ ಕಣ್ಣು ಆಗಲೇ ಪರದೆಯ ಮೇಲಿನ ಅಂಕಿಗಳ ಮೇಲಿತ್ತು.

ಕಾರಣ ಸಿಕ್ಕಿತು. ಉಗುರಿನಷ್ಟು ಅಗಲದ ಆ ಚಿಪ್‌ಗೆ ಪೂರ್ಣಾಂಕಗಳು ಮಾತ್ರ ಸಲೀಸು. ಭಿನ್ನರಾಶಿ ಬೇಕೆಂದರೆ ಮೊದಲೇ ದೊಡ್ಡದಾಗಿ ಗುಣಿಸಿಟ್ಟುಕೊಂಡು, ಕೊನೆಗೆ ಅಂಕಿಯನ್ನು ಬಲಕ್ಕೆ ಸರಿಸಿ ಚಿಕ್ಕದು ಮಾಡಬೇಕು. ಸರಿಸುವಾಗ ಅಂಚಿನಿಂದ ಚೂರುಗಳು ಉದುರುತ್ತವೆ. ಉದುರುವುದರಲ್ಲೂ ಪಕ್ಷಪಾತವಿತ್ತು: 'ತುಸು ಬಿಗಿ ಮಾಡು' ಎನ್ನುವ ಸಣ್ಣ ಧನಸಂಖ್ಯೆ ಸೊನ್ನೆಯಾಗುತ್ತಿತ್ತು, 'ತುಸು ಸಡಿಲಿಸು' ಎನ್ನುವ ಸಣ್ಣ ಋಣಸಂಖ್ಯೆ ಸೊನ್ನೆಯಾಗದೆ ಇಡಿಯ 'ಋಣ ಒಂದು' ಆಗಿ ನಿಲ್ಲುತ್ತಿತ್ತು. ಹೀಗೆ ಲೆಕ್ಕದ ಪ್ರತಿ ಸುತ್ತಿನಲ್ಲೂ ಬಿಗಿಯ ಮಾತು ಗಾಳಿಗೆ ಹೋಗಿ, ಸಡಿಲಿಕೆಯ ಮಾತು ಮಾತ್ರ ಜಮೆಯಾಗುತ್ತ ಬಂದಿತ್ತು. ಕೊರತೆ ಚೆನ್ನಾಗಿ ದೊಡ್ಡದಾದ ಮೇಲಷ್ಟೇ ಕೈಗೆ ಅದು ಕಾಣುತ್ತಿತ್ತು. ಲೋಟವನ್ನು ಗಟ್ಟಿಯಾಗಿ ಹಿಡಿಯುವವರಿಗೆ ಆ ಕೊರತೆ ಲೆಕ್ಕಕ್ಕೇ ಬಂದಿರಲಿಲ್ಲ.

ಕೈಯಕ್ಕ ಉದುರಿದ ಚೂರನ್ನು ಎಸೆಯದೆ ಮುಂದಿನ ಸುತ್ತಿಗೆ ಕೂಡಿಸುವಂತೆ ಬರೆದಳು. ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಗುನುಗುತ್ತಿದ್ದುದನ್ನು ಕೇಳಿದವರುಂಟು.

ಎರಡನೆಯ ಸಲ ಹಿಡಿತ ಸಡಿಲಲಿಲ್ಲ. ಬದಲಿಗೆ ಉಸಿರಾಡತೊಡಗಿತು. ಬಿಗಿ, ಸಡಿಲ, ಬಿಗಿ, ಸಡಿಲ. ಚಿಮುಟದ ತುದಿಗಳು ಕೂದಲೆಳೆಯಷ್ಟು ಹತ್ತಿರವಾಗಿ ದೂರವಾದವು. ಟಿಣ್ಣೆಂದು ಚಕ್ರ ಹಾರಿತು.

ಕೈಗಳಿಗೆ ಗಾರೆಯ ಅಚ್ಚು ತೆಗೆಯುವ ಮುದುಕ, ಎಲ್ಲರ ಬಾಯಲ್ಲಿ ಗಾರೆ ಮಾವ, ನೆಲದ ಮೇಲೆ ಮಂಡಿಯೂರಿ ಹುಡುಕುತ್ತ ಹೇಳಿದ: "ಮೊದಲು ನಿದ್ದೆ ಮಾಡ್ತಿತ್ತು, ಈಗ ಗೊರಕೆ ಶುರುವಾಯ್ತಲ್ಲಮ್ಮ!"

ತಮ್ಮ ನಕ್ಕ. ಕೈಯಕ್ಕ ನಗಲಿಲ್ಲ.

ಮೋಟಾರಿಗೆ ಬಲ ಕೊಡುವುದೂ ಮೆಟ್ಟಿಲು ಮೆಟ್ಟಿಲಾಗಿಯೇ. ಚಿಮುಟದ ನಾಜೂಕು ಹಿಡಿತಕ್ಕೆ ಒಂದು ಮೆಟ್ಟಿಲು ಕಡಿಮೆ, ಮುಂದಿನದು ಹೆಚ್ಚು. ನಡುವೆ ಕಾಲಿಡಲು ಜಾಗವಿಲ್ಲ. ಬೆರಳ ತುದಿಯಲ್ಲಿ ಹಿಡಿತ ಅಳೆಯುವ ಸಂವೇದಕ ಇನ್ನೂ ಚೂಟಿ, ಅದಕ್ಕೆ ಎರಡೂ ತಪ್ಪೆಂದು ಕಾಣುತ್ತಿತ್ತು. ಕಡಿಮೆಯಾಯಿತೆಂದು ಚೂರು ಚೂರು ಕೂಡಿ ಒಂದು ಮೆಟ್ಟಿಲು ಮೇಲೆ; ಹೆಚ್ಚಾಯಿತೆಂದು ಚೂರು ಚೂರು ಕಳೆದು ಮತ್ತೆ ಕೆಳಗೆ. ಹಿಂದೆ ಚೂರುಗಳು ಉದುರಿಹೋಗುತ್ತಿದ್ದುದರಿಂದಲೇ ಕೈ ನಡುಗದೆ ಬರೀ ಸಡಿಲುತ್ತಿತ್ತು. ಅವಳು ತಿದ್ದಿದ ತಪ್ಪೇ ಈ ನಡುಕವನ್ನು ಇಷ್ಟು ದಿನ ಮುಚ್ಚಿಟ್ಟಿತ್ತು.

"ಮೆಟ್ಟಿಲು ಸಣ್ಣದು ಮಾಡಕ್ಕಾಗಲ್ವಾ?" ತಮ್ಮ ಕೇಳಿದ. ಮೆಟ್ಟಿಲುಗಳ ವಿಷಯ ಅವನಿಗೆ ಬೇಗ ಅರ್ಥವಾಗಿತ್ತು. ಹಲ್ಲಿನ ಚಕ್ರಗಳ ನಡುವೆ ಬಾಳಿದವನಲ್ಲವೆ?

"ಮಾಡ್ತೀನಿ" ಎಂದಳು.

ಮಾಡಿಯೂ ನೋಡಿದಳು. ಸ್ವಲ್ಪ ದೊಡ್ಡ ಚಿಪ್ ತರಿಸಿ, ತಂತಿ ಎಳೆದು, ಮೇಜಿನ ಮೇಲೆಯೇ ಕೈಯನ್ನು ಓಡಿಸಿದಳು. ಮೆಟ್ಟಿಲುಗಳು ನಯವಾದವು. ಆದರೆ ಬೆರಳಿನೊಳಗಿನ ಗೇರುಗಳ ಘರ್ಷಣೆ ಆ ನಯವಾದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗಿ ಕುಳಿತಿತು. ಹಲವು ಮೆಟ್ಟಿಲು ಏರುವವರೆಗೆ ಬೆರಳು ಕದಲದು. ಕದಲಿದರೆ ಒಮ್ಮೆಗೇ ನೆಗೆಯುತ್ತದೆ. ಗೇರು ಬದಲಿಸೋಣವೆಂದರೆ ಅದಕ್ಕಿಂತ ನಯವಾದದ್ದು ಆ ಬೆರಳಿನೊಳಗೆ ಹಿಡಿಯುವಂತಿರಲಿಲ್ಲ. ಒಂದು ಬಾಗಿಲು ತೆರೆದರೆ ಅದರ ಹಿಂದೆ ಗೋಡೆ.

ಉಳಿದದ್ದು ಒಂದೇ ದಾರಿ: ಹಳೆಯ ಚಿಪ್‌ಗೇ ಮರಳಿ, ಹಿಡಿತ ಒಂದು ಮೆಟ್ಟಿಲಿನಷ್ಟು ಆಚೀಚೆಯಾದರೆ ಸುಮ್ಮನಿರು ಎಂದು ಕೈಗೆ ಹೇಳುವುದು. ಹಾಗೆ ಹೇಳಿದ ಮೇಲೆ ಕೈ ಕಲ್ಲಿನಂತೆ ನಿಂತಿತು. ಆದರೆ ಒಮ್ಮೆ ಕೆಳಗಿನ ಮೆಟ್ಟಿಲಲ್ಲಿ ನಿಂತರೆ ಚಕ್ರ ಬೀಳುತ್ತಿತ್ತು, ಇನ್ನೊಮ್ಮೆ ಮೇಲಿನದರಲ್ಲಿ ನಿಂತರೆ ಹಾರುತ್ತಿತ್ತು. ತಮ್ಮ ಮತ್ತೆ ಮತ್ತೆ ಹಿಡಿದು ನೋಡಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಗಾರೆ ಮಾವ ಈ ಸಲ ಏನೂ ತಮಾಷೆ ಮಾಡದೆ, ನೆಲ ಗುಡಿಸುವ ನೆಪದಲ್ಲಿ ಚಕ್ರಗಳನ್ನು ಆರಿಸಿ ಆರಿಸಿ ಕೊಟ್ಟ.

"ಇನ್ನೊಂದು ಸಲ ನೋಡ್ತೀನಿ ಕಣೋ" ಎಂದಳು ಕೈಯಕ್ಕ. "ಗೇರಿಗೆ ಬೇರೆ ಎಣ್ಣೆ ಹಾಕಿ..."

"ನೋಡ್ಬೇಡ."

"ಯಾಕೋ?"

"ನೀನು ನೋಡ್ತೀನಿ ಅಂದಾಗೆಲ್ಲ ನಾನು ಮನೆಗೆ ಹೋಗಿ ಇವಳ ಹತ್ರ, ಬರೋ ವಾರ ಅಂಗಡೀಲಿ ಕೂರ್ತೀನಿ ಅಂತೀನಿ. ಅವಳು ಹೂಂ ಅಂತಾಳೆ. ಆ ಹೂಂ ಕೇಳಕ್ಕಾಗ್ತಿಲ್ಲ ಅಕ್ಕ."

ಕೈಯಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಚಿಕ್ಕವನಿದ್ದಾಗ ಅವನು ಬಿದ್ದರೆ ಎತ್ತಿಕೊಂಡು, ನೆಲಕ್ಕೆ ಎರಡೇಟು ಹೊಡೆದು ಅಳು ನಿಲ್ಲಿಸುತ್ತಿದ್ದವಳು. ಈಗ ಯಾವುದಕ್ಕೆ ಹೊಡೆಯುವುದು? ಕೂಡುವ, ಕಳೆಯುವ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು.

"ಲೋಟ ಹಿಡಿಯುತ್ತಲ್ಲ?" ತಮ್ಮ ಕೇಳಿದ.

"ಹಿಡಿಯುತ್ತೆ."

"ನಡುಗ್ಬಾರ್ದು. ಬೇರೆಯವರ ಮುಂದೆ ನಡುಗಿದ್ರೆ ಚೆನ್ನಾಗಿರಲ್ಲ. ಅಷ್ಟು ಮಾಡಿಕೊಡು, ಸಾಕು."

ಅವನು ಬಲಗೈಯಿಂದ ಫೋನು ತೆಗೆದು ಹೆಂಡತಿಗೆ ಕರೆ ಮಾಡಿದ. "ಆ ರಿಪೇರಿಯವನು ಬಂದಿದಾನಾ? ಸರಿ, ಜಾಗ ತಗೋ ಅನ್ನು. ದೀಪ ಸ್ವಲ್ಪ ಎಡಕ್ಕೆ ತಿರುಗಿಸ್ಕೋಬೇಕು, ಇಲ್ಲಾಂದ್ರೆ ನೆರಳು ಬೀಳುತ್ತೆ ಅಂತ ಹೇಳು."

ಅವನು ಮಾತನಾಡುತ್ತಿದ್ದಾಗಲೇ ಕೈಯಕ್ಕ ಸುಮ್ಮನಿರುವ ಮಿತಿಯನ್ನು ಇನ್ನಷ್ಟು ಅಗಲ ಮಾಡಿದಳು. ಪ್ರೋಗ್ರಾಮ್ ಚಿಪ್‌ಗೆ ಇಳಿಯಿತು. ತಂತಿ ಕಳಚಿದಳು. ಬೆರಳುಗಳು ಒಮ್ಮೆ ಮುಚ್ಚಿ ಬಿಚ್ಚಿ, ಆಮೇಲೆ ಎಳ್ಳಷ್ಟೂ ಅಲುಗಲಿಲ್ಲ.